ಮಾರಾಟದ ಪಟ್ಟಿಯಿಂದ ಸರಕು–ಜಿಲ್ಲೆ ಕೋಷ್ಟಕ: ಹೋಗದ ಮಾಲಿನ ಜಾಗ ಖಾಲಿಯಾಗಿಯೇ ಉಳಿಯಲಿ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಮಾರಾಟದ ಲೆಕ್ಕ ದಿನದ ಕ್ರಮದಲ್ಲೇ ಬೆಳೆಯುತ್ತದೆ. ಇವತ್ತು ರಾಯಚೂರಿಗೆ ಒಂದು ಲೋಡ್ ಅಕ್ಕಿ, ನಾಳೆ ಕುಷ್ಟಗಿಗೆ ತೌಡು, ನಾಡಿದ್ದು ಸಂಡೂರಿಗೆ ಹೊಟ್ಟು. ಬಿಲ್ ಆದ ಹಾಗೆ ಒಂದರ ಕೆಳಗೆ ಒಂದು ಸಾಲು. ತಿಂಗಳ ಕೊನೆಗೆ ಮಾಲೀಕರು ಕೇಳುವ ಪ್ರಶ್ನೆ ಮಾತ್ರ ಬೇರೆ ದಿಕ್ಕಿನದು: "ನುಚ್ಚು ಯಾವ್ಯಾವ ಜಿಲ್ಲೆಗೆ ಎಷ್ಟೆಷ್ಟು ಹೋಗೇತಿ? ವಿಜಯನಗರಕ್ಕ ಅಕ್ಕಿ ಹೋಗೇ ಇಲ್ಲೇನು?" ಇದಕ್ಕೆ ಉತ್ತರ ಕೊಡಲು ಉದ್ದನೆಯ ಪಟ್ಟಿಯನ್ನು ಕೋಷ್ಟಕವಾಗಿ ಮಡಿಸಬೇಕು. ಎಡಗಡೆ ಸರಕುಗಳು, ಮೇಲ್ಗಡೆ ಜಿಲ್ಲೆಗಳು, ಎರಡೂ ಕೂಡುವ ಸೆಲ್‌ನಲ್ಲಿ ಮೊತ್ತ.

ಕೂಡಿಸುವ ಕೆಲಸವನ್ನು ಎಕ್ಸೆಲ್ ಸಲೀಸಾಗಿ ಮಾಡುತ್ತದೆ. ಎಡವುವುದು ಬೇರೆ ಕಡೆ. ಒಂದು ಸರಕು ಒಂದು ಜಿಲ್ಲೆಗೆ ಹೋಗಿಯೇ ಇಲ್ಲದಿದ್ದರೆ ಆ ಸೆಲ್ ಖಾಲಿ ಇರಬೇಕು. ಮಾಲು ಹೋಗಿ, ಪೂರ್ತಿ ವಾಪಸ್ ಬಂದಿದ್ದರೆ ಅಲ್ಲಿ 0 ಇರಬೇಕು. ಎರಡೂ ಕಡೆ 0 ಬಂದರೆ ಕೋಷ್ಟಕ ಓದುವವರಿಗೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ, ಅದೂ ಮುಖ್ಯವಲ್ಲದ ಅರ್ಧ. ಈ ವ್ಯತ್ಯಾಸ ಉಳಿಯುವ ಹಾಗೆ ಕೋಷ್ಟಕ ಕಟ್ಟುವುದು ಹೇಗೆಂದು ಒಂದು ಚಿಕ್ಕ ಉದಾಹರಣೆ ಹಿಡಿದು ನೋಡೋಣ.

ಮೊದಲು ಪಟ್ಟಿ

ಒಂದು ಫೈಲಿನಲ್ಲಿ ಮೂರು ಶೀಟ್ ಮಾಡಿಕೊಳ್ಳಿ. ಅವುಗಳ ಹೆಸರು `Sales`, `Towns`, `Grid`. ಹೆಸರು ಕನ್ನಡದಲ್ಲೂ ಇಡಬಹುದು, ಆದರೆ ಸೂತ್ರ ಟೈಪ್ ಮಾಡುವಾಗ ಕೀಲಿಮಣೆ ಬದಲಿಸುತ್ತಾ ಕೂರಬೇಕಾಗುತ್ತದೆ. ಹಾಗಾಗಿ ಇಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಇಟ್ಟಿದ್ದೇನೆ.

`Sales` ಶೀಟ್‌ನಲ್ಲಿ A ಕಾಲಂ ದಿನಾಂಕ, B ಸರಕು, C ಊರು, D ಜಿಲ್ಲೆ, E ಕ್ವಿಂಟಲ್. ಮೊದಲ ಸಾಲು ತಲೆಬರಹ, ಎರಡನೆಯದರಿಂದ ನಮೂದುಗಳು. D ಕಾಲಂ ಸದ್ಯ ಖಾಲಿ ಇರಲಿ, ಅದನ್ನು ಮುಂದೆ ಸೂತ್ರ ತುಂಬುತ್ತದೆ. ನಮ್ಮ ಉದಾಹರಣೆಯ ಡಿಸೆಂಬರ್ ಪಟ್ಟಿ ಹೀಗಿದೆ:

| ಸಾಲು | ದಿನಾಂಕ | ಸರಕು | ಊರು | ಕ್ವಿಂಟಲ್ |
|---|---|---|---|---|
| 2 | ಡಿ. 2 | ಸೋನಾ ಅಕ್ಕಿ | ರಾಯಚೂರು | 40 |
| 3 | ಡಿ. 3 | ತೌಡು | ಕುಷ್ಟಗಿ | 12 |
| 4 | ಡಿ. 5 | ಸೋನಾ ಅಕ್ಕಿ | ಬಳ್ಳಾರಿ | 60 |
| 5 | ಡಿ. 6 | ನುಚ್ಚು | ಕೊಪ್ಪಳ | 15 |
| 6 | ಡಿ. 8 | ಸೋನಾ ಅಕ್ಕಿ | ಲಿಂಗಸುಗೂರು | 25 |
| 7 | ಡಿ. 9 | ಹೊಟ್ಟು | ಸಂಡೂರು | 80 |
| 8 | ಡಿ. 11 | ನುಚ್ಚು | ಲಿಂಗಸುಗೂರು | 10 |
| 9 | ಡಿ. 12 | ತೌಡು | ಹೊಸಪೇಟೆ | 18 |
| 10 | ಡಿ. 15 | ನುಚ್ಚು | ಲಿಂಗಸುಗೂರು | -10 |
| 11 | ಡಿ. 17 | ಸೋನಾ ಅಕ್ಕಿ | ಯಲಬುರ್ಗಾ | 30 |
| 12 | ಡಿ. 20 | ತೌಡು | ಕುಷ್ಟಗಿ | 8 |
| 13 | ಡಿ. 22 | ಸೋನಾ ಅಕ್ಕಿ | ಸಂಡೂರು | 20 |

ಹತ್ತನೆಯ ಸಾಲನ್ನು ಗಮನಿಸಿ. ಲಿಂಗಸುಗೂರಿಗೆ ಹೋದ 10 ಕ್ವಿಂಟಲ್ ನುಚ್ಚು ನಾಲ್ಕು ದಿನದಲ್ಲಿ ವಾಪಸ್ ಬಂದಿದೆ. ವಾಪಸ್ ಬಂದದ್ದನ್ನು ಋಣ ಅಂಕಿಯಾಗಿ ಬೇರೆ ಸಾಲಿನಲ್ಲೇ ಬರೆಯಬೇಕು. ಹಾಗೆ ಬರೆಯುವ ಬದಲು ಎಂಟನೆಯ ಸಾಲನ್ನೇ ಅಳಿಸಿಹಾಕಿದರೆ ಮೊತ್ತವೇನೋ ಸರಿಯಾಗಿಯೇ ಬರುತ್ತದೆ, ಆದರೆ ಮಾಲು ಹೋಗಿ ಬಂದ ಸಂಗತಿಯೇ ಲೆಕ್ಕದಿಂದ ಮಾಯವಾಗುತ್ತದೆ.

ಅಳತೆಯನ್ನು ಚೀಲದಲ್ಲಿ ಬರೆಯದೆ ಕ್ವಿಂಟಲ್‌ನಲ್ಲಿ ಬರೆದಿರುವುದಕ್ಕೂ ಕಾರಣವಿದೆ. ಅಕ್ಕಿಯ ಚೀಲ ಒಂದು ತೂಕ, ತೌಡಿನ ಚೀಲ ಇನ್ನೊಂದು ತೂಕ. ಕೋಷ್ಟಕದ ಕೆಳಗಡೆ ಜಿಲ್ಲೆಯ ಒಟ್ಟು ಬರೆಯುವಾಗ ಚೀಲಗಳನ್ನು ಕೂಡಿಸಿದರೆ ಆ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಕ್ವಿಂಟಲ್ ಆದರೆ ಲಾರಿ ಬಾಡಿಗೆಯ ಲೆಕ್ಕಕ್ಕಾದರೂ ಒದಗುತ್ತದೆ. ವ್ಯಾಪಾರದ ಬೆಲೆ ಬೇಕಿದ್ದವರು ರೂಪಾಯಿಯ ಕಾಲಂ ಒಂದನ್ನು ಸೇರಿಸಿ ಇದೇ ಸೂತ್ರಗಳನ್ನು ಅದರ ಮೇಲೆ ಓಡಿಸಬಹುದು.

ಊರು ಬರೆಯಿರಿ, ಜಿಲ್ಲೆಯನ್ನು ಸೂತ್ರ ಹುಡುಕಲಿ

ಪಟ್ಟಿಯಲ್ಲಿ ಜಿಲ್ಲೆಯನ್ನು ಕೈಯಲ್ಲಿ ಬರೆಯಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬೇರೆ ಕಡೆ ಹೇಗೋ ಗೊತ್ತಿಲ್ಲ, ನಮ್ಮ ಈ ಸೀಮೆಯಲ್ಲಿ ಜಿಲ್ಲೆಯ ಗಡಿಗಳು ನಿಂತಲ್ಲಿ ನಿಂತಿಲ್ಲ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಹೊಸಪೇಟೆ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. 2020ರ ಪಟ್ಟಿಯಲ್ಲಿ ಹೊಸಪೇಟೆಯ ಗಿರಾಕಿಯ ಎದುರು "ಬಳ್ಳಾರಿ" ಎಂದು ಬರೆದಿಟ್ಟಿದ್ದರೆ, ಆ ವರ್ಷದ ಕೋಷ್ಟಕದಲ್ಲಿ ವಿಜಯನಗರದ ಕಾಲಂ ಪೂರ್ತಿ ಖಾಲಿ ಬರುತ್ತದೆ. ಅಲ್ಲಿ ಮಾರಾಟ ಇರಲಿಲ್ಲ ಎಂದು ಅದನ್ನು ಓದಿದರೆ ತಪ್ಪು. ಗಿರಾಕಿ ಇದ್ದ, ಜಿಲ್ಲೆ ಇರಲಿಲ್ಲ, ಅಷ್ಟೇ. ಊರನ್ನು ಬರೆದಿಟ್ಟರೆ ಹಳೆಯ ವರ್ಷವನ್ನೂ ಇಂದಿನ ಗಡಿಗಳ ಪ್ರಕಾರ ಹಂಚಿ ಪಕ್ಕಪಕ್ಕ ಇಟ್ಟು ನೋಡಬಹುದು.

`Towns` ಶೀಟ್‌ನಲ್ಲಿ A ಕಾಲಂನಲ್ಲಿ ಊರು, B ಕಾಲಂನಲ್ಲಿ ಅದರ ಜಿಲ್ಲೆ ಬರೆಯಿರಿ. ರಾಯಚೂರು, ಲಿಂಗಸುಗೂರು ಎರಡಕ್ಕೂ ರಾಯಚೂರು; ಕೊಪ್ಪಳ, ಕುಷ್ಟಗಿ, ಯಲಬುರ್ಗಾಕ್ಕೆ ಕೊಪ್ಪಳ; ಬಳ್ಳಾರಿ, ಸಂಡೂರಿಗೆ ಬಳ್ಳಾರಿ; ಹೊಸಪೇಟೆಗೆ ವಿಜಯನಗರ. ಆಮೇಲೆ `Sales` ಶೀಟ್‌ನ D2 ಸೆಲ್‌ನಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=IF(C2="","",VLOOKUP(TRIM(C2),Towns!$A$2:$B$40,2,FALSE))
```

ಕೊನೆಯ `FALSE` ಬಿಡಬೇಡಿ. ಬಿಟ್ಟರೆ ಎಕ್ಸೆಲ್ ಹತ್ತಿರದ ಹೆಸರನ್ನು ಹಿಡಿದು ಯಾವುದೋ ಜಿಲ್ಲೆ ತಂದು ಕೂರಿಸಬಹುದು, ನೋಡಿದರೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. `FALSE` ಇದ್ದಾಗ ಹೆಸರು ತದ್ರೂಪ ಸಿಗದಿದ್ದರೆ `#N/A` ಬರುತ್ತದೆ. ಈ `#N/A` ಕಂಡು ಗಾಬರಿಯಾಗಬೇಡಿ, ಇಡೀ ಏರ್ಪಾಡಿನಲ್ಲಿ ತಪ್ಪನ್ನು ಮೊದಲು ಹಿಡಿದುಕೊಡುವುದೇ ಅದು. ಯಾರೋ "ಲಿಂಗಸೂಗೂರು" ಎಂದು ಬರೆದಿದ್ದಾರೆ, ಇಲ್ಲವೇ `Towns` ಪಟ್ಟಿಯಲ್ಲಿ ಇಲ್ಲದ ಹೊಸ ಊರಿಗೆ ಮಾಲು ಹೋಗಿದೆ ಎಂದು ತಿಳಿಯಿರಿ.

`TRIM` ಯಾಕೆ ಬೇಕು ಎಂಬುದಕ್ಕೆ ನಮ್ಮ ಪಟ್ಟಿಯ ಹದಿಮೂರನೆಯ ಸಾಲೇ ಸಾಕ್ಷಿ. ಅಲ್ಲಿ "ಸಂಡೂರು" ಆದ ಮೇಲೆ ಒಂದು ಸ್ಪೇಸ್ ಬಿದ್ದಿದೆ. ಮೇಲಿನ ಪಟ್ಟಿಯಲ್ಲಿ ಅದು ನಿಮಗೆ ಕಾಣಲಿಲ್ಲ, ಪರದೆಯ ಮೇಲೂ ಯಾರಿಗೂ ಕಾಣುವುದಿಲ್ಲ. ಆದರೆ ಯಂತ್ರದ ಲೆಕ್ಕದಲ್ಲಿ ಅದು ಬೇರೆಯೇ ಊರು. `TRIM` ಹಿಂದುಮುಂದಿನ ಸ್ಪೇಸ್‌ಗಳನ್ನು ತೆಗೆದು ಹುಡುಕುತ್ತದೆ.

`TRIM`ಗೂ ಬಗ್ಗದ ಒಂದು ತೊಡಕು ಕನ್ನಡದಲ್ಲಿ ಲೆಕ್ಕ ಇಡುವವರಿಗೆ ಬರುವಂಥದ್ದು. ಹಳೆಯ ಫೈಲುಗಳಲ್ಲಿ ಊರಿನ ಹೆಸರು ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಇರುತ್ತದೆ. ಆ ಫಾಂಟ್ ಹಾಕಿದಾಗ ಕನ್ನಡದಂತೆ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸರಮಾಲೆ. ಹೊಸದಾಗಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ "ಬಳ್ಳಾರಿ"ಗೆ ಅದು ಎಂದಿಗೂ ಹೊಂದುವುದಿಲ್ಲ. ಅನುಮಾನ ಬಂದ ಸೆಲ್‌ಗೆ ಬೇರೆ ಫಾಂಟ್ ಹಾಕಿ ನೋಡಿ. ಅಕ್ಷರಗಳು ಚೆಲ್ಲಾಪಿಲ್ಲಿಯಾದರೆ ಅದು ಹಳೆಯ ಪಠ್ಯ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದುಕೊಂಡೇ ಮುಂದುವರಿಯಬೇಕು, ಬೇರೆ ದಾರಿಯಿಲ್ಲ.

ಹೊಸ ನಮೂದುಗಳಿಗಾದರೆ ಆಯ್ಕೆಪಟ್ಟಿ ಇಟ್ಟುಬಿಡಿ. ಎಕ್ಸೆಲ್‌ನಲ್ಲಿ C ಕಾಲಂ ಆರಿಸಿ `Data` → `Data Validation` → `List` ತೆರೆದು, ಮೂಲವಾಗಿ `Towns` ಪಟ್ಟಿಯ ಊರುಗಳನ್ನು ಕೊಟ್ಟರೆ ಟೈಪ್ ಮಾಡುವ ಬದಲು ಆರಿಸುವುದಷ್ಟೇ ಕೆಲಸ. ಸರಕಿನ ಕಾಲಂಗೂ ಹಾಗೆಯೇ ಮಾಡಿ. ಆದರೆ ಬೇರೆ ಫೈಲಿನಿಂದ ನಕಲು ಮಾಡಿ ಅಂಟಿಸಿದ ಸಾಲುಗಳನ್ನು ಈ ಆಯ್ಕೆಪಟ್ಟಿ ತಡೆಯುವುದಿಲ್ಲ. ಹಾಗಾಗಿ ಮುಂದೆ ಹೇಳುವ ತಾಳೆ ಹೇಗಿದ್ದರೂ ಬೇಕು.

ತಲೆಬರಹಗಳನ್ನು ಎಲ್ಲಿಂದ ತರಬೇಕು?

`Grid` ಶೀಟ್‌ನಲ್ಲಿ A2ರಿಂದ A6ರವರೆಗೆ ಸರಕುಗಳನ್ನು ಬರೆಯಿರಿ: ಸೋನಾ ಅಕ್ಕಿ, ಸ್ಟೀಮ್ ಅಕ್ಕಿ, ನುಚ್ಚು, ತೌಡು, ಹೊಟ್ಟು. B1ರಿಂದ E1ರವರೆಗೆ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ.

ಸ್ಟೀಮ್ ಅಕ್ಕಿ ಡಿಸೆಂಬರ್ ಪಟ್ಟಿಯಲ್ಲಿ ಎಲ್ಲೂ ಇಲ್ಲವಲ್ಲ, ಯಾಕೆ ಸೇರಿಸಬೇಕು ಅನಿಸಬಹುದು. ಇಲ್ಲ ಎನ್ನುವುದಕ್ಕಾಗಿಯೇ ಸೇರಿಸಬೇಕು. ತಲೆಬರಹಗಳನ್ನು ಮಾರಾಟದ ಪಟ್ಟಿಯಿಂದ ಆರಿಸಿದರೆ ಮಾರಾಟವಾದ ಸರಕು ಮಾತ್ರ ಕಾಣುತ್ತದೆ. ಗೋದಾಮಿನಲ್ಲಿ ಕೂತಿರುವ ಸ್ಟೀಮ್ ಅಕ್ಕಿಯ ಸಾಲೇ ಇಲ್ಲದ ಕೋಷ್ಟಕದಲ್ಲಿ ಅದರ ಬಗ್ಗೆ ಪ್ರಶ್ನೆ ಕೂಡ ಏಳುವುದಿಲ್ಲ. ಗಿರಣಿ ಮಾರುವ ಎಲ್ಲ ಸರಕು, ಗಿರಾಕಿಗಳಿರುವ ಎಲ್ಲ ಜಿಲ್ಲೆ, ಇವು ತಲೆಬರಹ. ಮಾರಾಟ ಇದ್ದರೆ ಅಂಕಿ, ಇಲ್ಲದಿದ್ದರೆ ಖಾಲಿ.

ಮುಖ್ಯ ಸೂತ್ರ

ಎರಡು ಷರತ್ತು ಹಾಕಿ ಕೂಡಿಸುವ ಸೂತ್ರ `SUMIFS`. ಸರಕು ಇದು, ಜಿಲ್ಲೆ ಅದು ಎಂದು ಹೇಳಿದರೆ ಎರಡೂ ಹೊಂದುವ ಸಾಲುಗಳ ಕ್ವಿಂಟಲ್ ಕೂಡಿಸಿ ಕೊಡುತ್ತದೆ. ಆದರೆ ಹೊಂದುವ ಸಾಲು ಒಂದೂ ಸಿಗದಿದ್ದರೂ ಅದು 0 ಎಂದೇ ಹೇಳುತ್ತದೆ, ಸಿಕ್ಕ ಸಾಲುಗಳು ಕೂಡಿ ಸೊನ್ನೆಯಾದರೂ 0 ಎಂದೇ ಹೇಳುತ್ತದೆ. ನಮಗೆ ಬೇಕಾದ ವ್ಯತ್ಯಾಸ ಇಲ್ಲಿಯೇ ಕಳೆದುಹೋಗುತ್ತದೆ.

ಆದ್ದರಿಂದ ಕೂಡಿಸುವ ಮೊದಲು ಎಣಿಸಬೇಕು. `COUNTIFS` ಅದೇ ಎರಡು ಷರತ್ತಿಗೆ ಹೊಂದುವ ಸಾಲು ಎಷ್ಟಿವೆ ಎಂದು ಹೇಳುತ್ತದೆ. ಒಂದೂ ಇಲ್ಲದಿದ್ದರೆ ಸೆಲ್ ಖಾಲಿ ಬಿಡು, ಇದ್ದರೆ ಮೊತ್ತ ಬರೆ. B2 ಸೆಲ್‌ನಲ್ಲಿ ಇದನ್ನು ಹಾಕಿ:

```
=IF(COUNTIFS(Sales!$B$2:$B$500,$A2,Sales!$D$2:$D$500,B$1)=0,"",SUMIFS(Sales!$E$2:$E$500,Sales!$B$2:$B$500,$A2,Sales!$D$2:$D$500,B$1))
```

ಡಾಲರ್ ಗುರುತುಗಳು ಎಲ್ಲಿವೆ, ಎಲ್ಲಿಲ್ಲ ಎಂಬುದನ್ನು ಸರಿಯಾಗಿ ನೋಡಿಕೊಳ್ಳಿ. `$A2`ನಲ್ಲಿ ಕಾಲಂಗೆ ಮಾತ್ರ ಬೀಗ, ಸಾಲಿಗಿಲ್ಲ. ಸೂತ್ರವನ್ನು ಬಲಕ್ಕೆ ಎಳೆದರೂ ಸರಕಿನ ಹೆಸರು A ಕಾಲಂನಲ್ಲೇ ಉಳಿಯುತ್ತದೆ, ಕೆಳಗೆ ಎಳೆದರೆ ಮುಂದಿನ ಸರಕಿಗೆ ಇಳಿಯುತ್ತದೆ. `B$1`ನಲ್ಲಿ ಅದರ ತಿರುವುಮುರುವು, ಸಾಲಿಗೆ ಬೀಗ, ಕಾಲಂಗಿಲ್ಲ. ಪಟ್ಟಿಯ ವ್ಯಾಪ್ತಿಗಳಿಗೆ ಎರಡೂ ಕಡೆ ಬೀಗ. ಇದೊಂದು ಸರಿಯಾದರೆ B2ನಲ್ಲಿ ಬರೆದ ಒಂದೇ ಸೂತ್ರವನ್ನು E6ವರೆಗೆ ಎಳೆದರೆ ಕೆಲಸ ಮುಗಿಯಿತು.

ಗೂಗಲ್ ಶೀಟ್ಸ್‌ನಲ್ಲೂ ಇದೇ ಸೂತ್ರ ನಡೆಯುತ್ತದೆ. ಲಿಬ್ರೆಆಫೀಸ್ ಬಳಸುವವರು `Tools` → `Options` → `LibreOffice Calc` → `Formula`ಗೆ ಹೋಗಿ `Formula syntax` ಎಂಬಲ್ಲಿ `Excel A1` ಆರಿಸಿಕೊಳ್ಳಿ. ಇಲ್ಲವಾದರೆ ಅಲ್ಲಿ ಶೀಟ್ ಹೆಸರು ಆದ ಮೇಲೆ `!` ಬದಲು ಚುಕ್ಕೆ ಹಾಕುವುದು ರೂಢಿ.

ಎಳೆದ ಮೇಲೆ ಬರುವ ಕೋಷ್ಟಕ ಇದು. ಒಟ್ಟಿನ ಸಾಲು, ಕಾಲಂಗಳ ಸೂತ್ರಕ್ಕೆ ಸ್ವಲ್ಪ ಮುಂದೆ ಬರುತ್ತೇನೆ.

| | ಕೊಪ್ಪಳ | ರಾಯಚೂರು | ಬಳ್ಳಾರಿ | ವಿಜಯನಗರ | ಒಟ್ಟು |
|---|---|---|---|---|---|
| ಸೋನಾ ಅಕ್ಕಿ | 30 | 65 | 80 | | 175 |
| ಸ್ಟೀಮ್ ಅಕ್ಕಿ | | | | | |
| ನುಚ್ಚು | 15 | 0 | | | 15 |
| ತೌಡು | 20 | | | 18 | 38 |
| ಹೊಟ್ಟು | | | 80 | | 80 |
| ಒಟ್ಟು | 65 | 65 | 160 | 18 | 308 |

ನುಚ್ಚಿನ ಸಾಲು ನೋಡಿ. ರಾಯಚೂರಿನಲ್ಲಿ 0, ಬಳ್ಳಾರಿಯಲ್ಲಿ ಖಾಲಿ. ರಾಯಚೂರಿನ 0 ಎಂದರೆ ಮಾಲು ಹೋಗಿತ್ತು, ಪೂರ್ತಿ ವಾಪಸ್ ಬಂತು. ಗಿರಾಕಿಗೆ ಫೋನ್ ಮಾಡಿ ಯಾಕೆ ಒಲ್ಲೆ ಎಂದರು, ಗುಣಮಟ್ಟವೋ ದರವೋ ಎಂದು ಕೇಳಬೇಕಾದ ಜಾಗ ಅದು. ಬಳ್ಳಾರಿಯ ಖಾಲಿ ಎಂದರೆ ಈ ತಿಂಗಳು ಅಲ್ಲಿಗೆ ನುಚ್ಚು ಹೋಗಿಯೇ ಇಲ್ಲ. ಅಕ್ಕಿ ಮತ್ತು ಹೊಟ್ಟು ಸೇರಿ 160 ಕ್ವಿಂಟಲ್ ಹೋದ ಜಿಲ್ಲೆಗೆ ನುಚ್ಚನ್ನೂ ಯಾಕೆ ಕಳಿಸಬಾರದು ಎಂದು ಕೇಳಬಹುದಾದ ಜಾಗ. ಎರಡೂ ಕಡೆ 0 ಇದ್ದಿದ್ದರೆ ಈ ಎರಡು ಫೋನ್‌ಗಳಲ್ಲಿ ಯಾವುದನ್ನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಖಾಲಿಗಳೆಲ್ಲ ಒಂದೇ ತೂಕದವೂ ಅಲ್ಲ. ಹೊಟ್ಟು ಹಗುರ, ಜಾಗ ತಿನ್ನುವ ಮಾಲು. ದೂರಕ್ಕೆ ಕಳಿಸಿದರೆ ಲಾರಿ ಬಾಡಿಗೆಯೇ ಮಾಲಿನ ಬೆಲೆಯನ್ನು ನುಂಗುತ್ತದೆ. ನೀವು ಕಳಿಸುವುದೇ ಇಲ್ಲ ಎಂದು ತೀರ್ಮಾನಿಸಿದ ಜೋಡಿಗಳ ಸೆಲ್‌ಗೆ ತೆಳು ಬೂದು ಬಣ್ಣ ಹಾಕಿಡುವುದನ್ನು ನಾನು ಇಷ್ಟಪಡುತ್ತೇನೆ. ಆಗ ಬಿಳಿಯಾಗಿ ಉಳಿದ ಖಾಲಿಗಳ ಮೇಲೆ ಕಣ್ಣು ನೇರ ಬೀಳುತ್ತದೆ. ಅಲ್ಲಿ "ಇಲ್ಲ" ಎಂದೋ ಅಡ್ಡಗೆರೆಯೋ ಬರೆಯಬೇಡಿ, ಸೂತ್ರದ ಮೇಲೆ ಟೈಪ್ ಮಾಡಿದರೆ ಸೂತ್ರವೇ ಹೋಗುತ್ತದೆ. ಮುಂದೆಂದೋ ಅಲ್ಲಿ ಮಾರಾಟವಾದರೂ ಅದು ಕಾಣುವುದಿಲ್ಲ.

ಇಷ್ಟೆಲ್ಲ ಯಾಕೆ, ಬರೀ `SUMIFS` ಹಾಕಿ ಸೊನ್ನೆಗಳನ್ನು ಮರೆಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಎಕ್ಸೆಲ್‌ನಲ್ಲಿ ಸೊನ್ನೆ ತೋರಿಸದಂತೆ ಮಾಡುವ ಆಯ್ಕೆ ಇದೆ, `0;-0;;@` ಎಂಬ ಅಂಕಿ ವಿನ್ಯಾಸವೂ ಇದೆ. ಅವು ಎಲ್ಲ ಸೊನ್ನೆಗಳನ್ನೂ ಮುಚ್ಚುತ್ತವೆ. ರಾಯಚೂರಿನಿಂದ ವಾಪಸ್ ಬಂದ ನುಚ್ಚು ಆಗ ಖಾಲಿಯಾಗಿಯೇ ಕಾಣುತ್ತದೆ. ವಾಪಸಾತಿ ಎಂದೂ ಆಗದ ವ್ಯಾಪಾರವಿದ್ದರೆ ಅದು ನಡೆದೀತು, ಗಿರಣಿಗೆ ನಡೆಯದು.

ತಾಳೆ ನೋಡುವುದು

ಕೋಷ್ಟಕದಲ್ಲಿ ಖಾಲಿ ಬಿಡುವುದರಿಂದ ಒಂದು ಅಪಾಯವೂ ಹುಟ್ಟುತ್ತದೆ. ಹೆಸರು ತಪ್ಪಿದ ನಮೂದು ಕೂಡ ಖಾಲಿಯನ್ನೇ ಉಳಿಸುತ್ತದೆ. ನಮ್ಮ ಹದಿಮೂರನೆಯ ಸಾಲಿನ ಸ್ಪೇಸ್‌ಗೆ `TRIM` ಹಾಕದಿದ್ದರೆ ಆ 20 ಕ್ವಿಂಟಲ್ ಯಾವ ಸೆಲ್‌ಗೂ ಸೇರುತ್ತಿರಲಿಲ್ಲ. ಜಿಲ್ಲೆಯ ಕಾಲಂನಲ್ಲಿ `#N/A` ಇದ್ದರೂ `SUMIFS` ತಕರಾರು ಮಾಡದೆ ಅದನ್ನು ದಾಟಿ ಹೋಗುತ್ತದೆ. ಒಟ್ಟು 308ರ ಬದಲು 288 ಬರುತ್ತಿತ್ತು, ಕೋಷ್ಟಕ ಮಾತ್ರ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು.

ಎಲ್ಲರೂ ಮಾಡುವ ತಾಳೆ ಮೊತ್ತದ್ದು:

```
=ROUND(SUM(Sales!E2:E500)-SUM(B2:E6),2)
```

ಇದು 0 ಬರಬೇಕು. 12.7ರಂಥ ದಶಾಂಶ ಅಂಕಿಗಳು ಬಂದಾಗ ಯಂತ್ರದ ಒಳಗಿನ ಲೆಕ್ಕದಲ್ಲಿ ಕೂದಲೆಳೆಯ ವ್ಯತ್ಯಾಸ ಉಳಿಯಬಹುದು, ಅದಕ್ಕೇ `ROUND`.

ಮೊತ್ತದ ತಾಳೆ ಒಂದೇ ಸಾಲದು. ಲಿಂಗಸುಗೂರಿನ ಎರಡು ನುಚ್ಚಿನ ಸಾಲುಗಳಲ್ಲೂ ಸರಕಿನ ಹೆಸರು ಒಂದೇ ರೀತಿ ತಪ್ಪಾಗಿ ಬಿದ್ದಿದೆ ಎಂದುಕೊಳ್ಳಿ. 10 ಮತ್ತು -10 ಎರಡೂ ಕೋಷ್ಟಕದಿಂದ ಜಾರುತ್ತವೆ, ಮೊತ್ತದ ವ್ಯತ್ಯಾಸ ಸೊನ್ನೆಯಾಗಿಯೇ ಉಳಿಯುತ್ತದೆ. ರಾಯಚೂರಿನ ಸೆಲ್ 0ದಿಂದ ಖಾಲಿಗೆ ತಿರುಗುತ್ತದೆ, ತಾಳೆಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಸಾಲುಗಳನ್ನೂ ಎಣಿಸಬೇಕು. ಕೋಷ್ಟಕದ ಕೆಳಗೆ B10 ಸೆಲ್‌ನಲ್ಲಿ ಇದನ್ನು ಹಾಕಿ E14ರವರೆಗೆ ಎಳೆಯಿರಿ:

```
=COUNTIFS(Sales!$B$2:$B$500,$A2,Sales!$D$2:$D$500,B$1)
```

ಪ್ರತಿ ಜೋಡಿಗೆ ಎಷ್ಟು ನಮೂದು ಎಂದು ಇದು ತೋರಿಸುತ್ತದೆ. ಈಗ ಬೇರೆ ಮೂರು ಸೆಲ್‌ಗಳಲ್ಲಿ ಈ ಮೂರು ಎಣಿಕೆ ಹಾಕಿ:

```
=COUNTA(Sales!B2:B500)
=COUNT(Sales!E2:E500)
=SUM(B10:E14)
```

ಮೊದಲನೆಯದು ಪಟ್ಟಿಯಲ್ಲಿರುವ ನಮೂದುಗಳು, ಎರಡನೆಯದು ಅವುಗಳಲ್ಲಿ ನಿಜವಾದ ಅಂಕಿ ಇರುವವು, ಮೂರನೆಯದು ಕೋಷ್ಟಕಕ್ಕೆ ಸೇರಿದವು. ನಮ್ಮ ಉದಾಹರಣೆಯಲ್ಲಿ ಮೂರೂ 12. ಮೂರನೆಯದು ಕಡಿಮೆ ಬಂದರೆ ಯಾವುದೋ ಸರಕಿನ ಅಥವಾ ಊರಿನ ಹೆಸರು ಹೊಂದಿಲ್ಲ. ಎರಡನೆಯದು ಕಡಿಮೆ ಬಂದರೆ ಕ್ವಿಂಟಲ್ ಕಾಲಂನಲ್ಲಿ ಅಂಕಿಯಂತೆ ಕಾಣುವ ಪಠ್ಯ ಕೂತಿದೆ, ಇಲ್ಲವೇ ಅಂಕಿ ಬರೆಯುವುದೇ ಬಿಟ್ಟುಹೋಗಿದೆ. ಯಾರೋ "25" ಬರೆಯುವ ಬದಲು "25 ಕ್ವಿ" ಎಂದು ಬರೆದರೆ ಹೀಗಾಗುತ್ತದೆ. `SUMIFS` ಅದನ್ನು ಕೂಡಿಸುವುದಿಲ್ಲ, `COUNTIFS` ಮಾತ್ರ ಆ ಸಾಲನ್ನು ಎಣಿಸುತ್ತದೆ. ಆ ಜೋಡಿಗೆ ಅದೊಂದೇ ನಮೂದಾಗಿದ್ದರೆ ಸೆಲ್‌ನಲ್ಲಿ 0 ಬರುತ್ತದೆ, ವಾಪಸಾತಿಯ 0ಯ ವೇಷದಲ್ಲಿ. ಹೀಗಾಗಿ ಕೋಷ್ಟಕದಲ್ಲಿ 0 ಕಂಡಾಗೆಲ್ಲ ಕೆಳಗಿನ ಎಣಿಕೆ ನೋಡುವ ಅಭ್ಯಾಸ ಒಳ್ಳೆಯದು. ಪೂರ್ತಿ ವಾಪಸ್ ಬಂದಿದ್ದರೆ ಅಲ್ಲಿ ಕನಿಷ್ಠ 2 ಇರಬೇಕು. 1 ಇದ್ದರೆ ಆ ನಮೂದಿನ ಅಂಕಿಯನ್ನೇ ಹುಡುಕಿ ತಿದ್ದಿ.

ಒಟ್ಟು ಮತ್ತು ಸರಾಸರಿ

ಖಾಲಿ ಕಾಣುವ ನಮ್ಮ ಸೆಲ್‌ಗಳು ನಿಜಕ್ಕೂ ಖಾಲಿಯಲ್ಲ, ಅವುಗಳಲ್ಲಿ `""` ಎಂಬ ಅಕ್ಷರವಿಲ್ಲದ ಪಠ್ಯ ಇದೆ. `SUM` ಅದನ್ನು ಬಿಟ್ಟು ಕೂಡಿಸುತ್ತದೆ, ತೊಂದರೆಯಿಲ್ಲ. ಆದರೆ `=B4+C4+D4+E4` ಎಂದು ಕೂಡಿಸಿದರೆ ಎಕ್ಸೆಲ್ `#VALUE!` ಎನ್ನುತ್ತದೆ. ಆದ್ದರಿಂದ ಒಟ್ಟಿಗೆ `SUM` ಬಳಸಿ. ಸ್ಟೀಮ್ ಅಕ್ಕಿಯಂತೆ ಪೂರ್ತಿ ಖಾಲಿ ಸಾಲಿನ ಒಟ್ಟು ಕೂಡ ಖಾಲಿಯಾಗಿ ಬರಬೇಕಿದ್ದರೆ ಅಲ್ಲಿಯೂ ಮೊದಲು ಎಣಿಸಿ:

```
=IF(COUNT(B2:E2)=0,"",SUM(B2:E2))
```

ಸರಾಸರಿ ಬೇಕೆಂದಾಗ ಒಂದು ಕ್ಷಣ ನಿಲ್ಲಬೇಕು. ಸೋನಾ ಅಕ್ಕಿಯ ಸಾಲಿಗೆ `AVERAGE` ಹಾಕಿದರೆ 58.33 ಬರುತ್ತದೆ. 175ನ್ನು ಅದು ಮೂರರಿಂದ ಭಾಗಿಸಿದೆ, ವಿಜಯನಗರದ ಖಾಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಾಲ್ಕರಿಂದ ಭಾಗಿಸಿದರೆ 43.75. ಅಕ್ಕಿ ಹೋಗುವ ಜಿಲ್ಲೆಯೊಂದಕ್ಕೆ ಸರಾಸರಿ ಎಷ್ಟು ಎಂಬ ಪ್ರಶ್ನೆಗೆ ಮೊದಲನೆಯದು ಉತ್ತರ. ನಮ್ಮ ನಾಲ್ಕು ಜಿಲ್ಲೆಗಳಲ್ಲಿ ಸರಾಸರಿ ಎಷ್ಟು ಎಂಬುದಕ್ಕೆ ಎರಡನೆಯದು. ನುಚ್ಚಿನ ಸಾಲಿನಲ್ಲಾದರೆ ರಾಯಚೂರಿನ 0 ಲೆಕ್ಕಕ್ಕೆ ಸೇರುತ್ತದೆ, 15ನ್ನು ಎರಡರಿಂದ ಭಾಗಿಸಿ 7.5 ಎನ್ನುತ್ತದೆ. ಕಾಗದದ ಮೇಲೆ ಸರಾಸರಿ ಬರೆಯುವಾಗ ಯಾವ ಪ್ರಶ್ನೆಗೆ ಉತ್ತರ ಅದು ಎಂದು ಪಕ್ಕದಲ್ಲೇ ಬರೆದುಬಿಡಿ.

ತಿಂಗಳ ಪ್ರಕಾರ ಬೇರ್ಪಡಿಸಿದಾಗ

ವರ್ಷಪೂರ್ತಿ ಒಂದೇ ಪಟ್ಟಿ ಇಟ್ಟು ತಿಂಗಳ ಕೋಷ್ಟಕ ತೆಗೆಯಬೇಕಿದ್ದರೆ `Grid` ಶೀಟ್‌ನ H1 ಸೆಲ್‌ನಲ್ಲಿ ತಿಂಗಳ ಮೊದಲ ದಿನ, H2ನಲ್ಲಿ ಮುಂದಿನ ತಿಂಗಳ ಮೊದಲ ದಿನ ಬರೆದು, `COUNTIFS` ಮತ್ತು `SUMIFS` ಎರಡರಲ್ಲೂ ಮುಚ್ಚುವ ಆವರಣದ ಮೊದಲು ಈ ಷರತ್ತು ಸೇರಿಸಿ:

```
,Sales!$A$2:$A$500,">="&$H$1,Sales!$A$2:$A$500,"<"&$H$2
```

`SUMIFS`ಗೆ ಸೇರಿಸಿ `COUNTIFS`ಗೆ ಮರೆತರೆ ಬೇರೆ ತಿಂಗಳ ನಮೂದಿನಿಂದಾಗಿ ಖಾಲಿ ಇರಬೇಕಾದಲ್ಲಿ 0 ಬರುತ್ತದೆ, ತಿರುವುಮುರುವಾದರೆ ಬೇರೆ ತಿಂಗಳ ಮಾಲೂ ಮೊತ್ತಕ್ಕೆ ಸೇರುತ್ತದೆ. ಕೆಳಗಿನ ಎಣಿಕೆಗೂ ಇದೇ ಷರತ್ತು ಬೇಕು, ತಾಳೆಯ ಸೂತ್ರಗಳೂ ಅದೇ ತಿಂಗಳ ಸಾಲುಗಳನ್ನೇ ನೋಡಬೇಕು. ಡಿಸೆಂಬರ್ ಕೊನೆಯಲ್ಲಿ ಹೋದ ಮಾಲು ಜನವರಿಯಲ್ಲಿ ವಾಪಸ್ ಬಂದರೆ ಜನವರಿಯ ಸೆಲ್‌ನಲ್ಲಿ -10ರಂಥ ಋಣ ಅಂಕಿ ಕಾಣಬಹುದು. ಅದು ತಪ್ಪಲ್ಲ, ತಿದ್ದಲು ಹೋಗಬೇಡಿ. ಡಿಸೆಂಬರ್‌ನ ಕೋಷ್ಟಕವನ್ನು ಆಗಲೇ ಮಾಲೀಕರಿಗೆ ಕೊಟ್ಟಾಗಿದೆ, ವಾಪಸಾತಿ ಜನವರಿಯ ಸಂಗತಿ.

ಪಿವೋಟ್ ಟೇಬಲ್ ಸಾಕಾಗುವುದು ಯಾವಾಗ

ಸೂತ್ರ ಬರೆಯುವ ತಾಳ್ಮೆ ಇಲ್ಲದ ದಿನ ಪಿವೋಟ್ ಟೇಬಲ್ ಒಳ್ಳೆಯ ದಾರಿ. ಪಟ್ಟಿಯೊಳಗೆ ಯಾವುದಾದರೂ ಸೆಲ್ ಆರಿಸಿ `Insert` → `PivotTable` ಒತ್ತಿ. ಸರಕನ್ನು `Rows`ಗೆ, ಜಿಲ್ಲೆಯನ್ನು `Columns`ಗೆ, ಕ್ವಿಂಟಲನ್ನು `Values`ಗೆ ಎಳೆಯಿರಿ. ಖಾಲಿ ಮತ್ತು 0 ವ್ಯತ್ಯಾಸವನ್ನು ಅದು ತಾನಾಗಿಯೇ ಉಳಿಸುತ್ತದೆ. ನುಚ್ಚು–ರಾಯಚೂರಿನಲ್ಲಿ 0, ನುಚ್ಚು–ಬಳ್ಳಾರಿಯಲ್ಲಿ ಖಾಲಿ. ಹೆಸರು ಹೊಂದದ ಊರಿನ `#N/A` ಕೂಡ ಒಂದು ಪ್ರತ್ಯೇಕ ಕಾಲಂ ಆಗಿ ಎದ್ದು ಕಾಣುತ್ತದೆ. ಈ ಒಂದು ವಿಷಯದಲ್ಲಿ ಅದು ನಮ್ಮ ಸೂತ್ರಕ್ಕಿಂತ ಮೇಲು. `PivotTable Options` ಒಳಗೆ `For empty cells show` ಎಂಬ ಜಾಗವಿದೆ. ಅಚ್ಚುಕಟ್ಟಾಗಿ ಕಾಣಲಿ ಎಂದು ಅಲ್ಲಿ 0 ಬರೆಯುವವರಿದ್ದಾರೆ, ದಯವಿಟ್ಟು ಬರೆಯಬೇಡಿ.

ಅದರ ಮಿತಿ ಎರಡು. ಮಾರಾಟವೇ ಆಗದ ಸ್ಟೀಮ್ ಅಕ್ಕಿಯ ಸಾಲು ಅದರಲ್ಲಿ ಬರುವುದಿಲ್ಲ, ಯಾಕೆಂದರೆ ಪಿವೋಟ್‌ಗೆ ಗೊತ್ತಿರುವುದು ಪಟ್ಟಿಯಲ್ಲಿ ಇರುವ ಹೆಸರುಗಳು ಮಾತ್ರ. ಹೀಗಾಗಿ ಈ ತಿಂಗಳ ಕೋಷ್ಟಕಕ್ಕೂ ಹಿಂದಿನ ತಿಂಗಳದ್ದಕ್ಕೂ ಆಕಾರವೇ ಬೇರೆಯಾಗಬಹುದು, ಪಕ್ಕಪಕ್ಕ ಇಟ್ಟು ಹೋಲಿಸುವುದು ಕಷ್ಟ. ಎರಡನೆಯದು, ಎಕ್ಸೆಲ್‌ನಲ್ಲಿ ಪಟ್ಟಿಯ ಕೊನೆಗೆ ಹೊಸ ಸಾಲು ಸೇರಿಸಿದ್ದರೆ `Change Data Source`ನಲ್ಲಿ ವ್ಯಾಪ್ತಿಯನ್ನು ಹಿಗ್ಗಿಸಬೇಕು, ಇದ್ದ ಸಾಲನ್ನು ಬದಲಿಸಿದ್ದರೆ ಪಿವೋಟ್ ಮೇಲೆ ಬಲಗುಂಡಿ ಒತ್ತಿ `Refresh` ಕೊಡಬೇಕು. ಕೊಡದಿದ್ದರೆ ಅದು ಹಳೆಯ ಲೆಕ್ಕವನ್ನೇ ತೋರಿಸುತ್ತಿರುತ್ತದೆ. ತಿಂಗಳ ನಡುವೆ ಒಮ್ಮೆ ಕಣ್ಣಾಡಿಸಿ ನೋಡಲು ಪಿವೋಟ್, ತಿಂಗಳ ಕೊನೆಗೆ ಮಾಲೀಕರ ಕೈಗೆ ಕೊಡುವ ಕಾಗದಕ್ಕೆ ಸೂತ್ರದ ಕೋಷ್ಟಕ ಎಂದು ನಾನು ಎರಡನ್ನೂ ಬಳಸುತ್ತೇನೆ. ಪಿವೋಟ್‌ನಲ್ಲಿ ಮೊತ್ತದ ಬದಲು ಕಾಲಂ ತಲೆಯಲ್ಲಿ `Count of` ಎಂದು ಬಂದಿದ್ದರೆ ಕ್ವಿಂಟಲ್ ಕಾಲಂನಲ್ಲಿ ಎಲ್ಲೋ ಪಠ್ಯವೋ ಖಾಲಿಯೋ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. `Sum`ಗೆ ಬದಲಿಸುವ ಮೊದಲು ಆ ಸಾಲನ್ನು ಹುಡುಕಿ ಸರಿಪಡಿಸಿ.